ಬಿಲ್ಲಿನ ಕೊನೆಯ ಸಾಲಿನ ‘ಸಿ.ಡಿ.’: ನೂರಕ್ಕೆ ಎರಡು, ಆದರೆ ಎಷ್ಟು ದಿನಕ್ಕೆ?

ಸಗಟು ವ್ಯಾಪಾರಿಯ ಬಿಲ್ಲಿನಲ್ಲಿ ಎಲ್ಲರ ಕಣ್ಣೂ ಮೊದಲು ಹೋಗುವುದು ದರಕ್ಕೆ, ಆಮೇಲೆ ಒಟ್ಟು ಮೊತ್ತಕ್ಕೆ. ಅದರ ಕೆಳಗೆ ಸಣ್ಣ ಅಕ್ಷರದಲ್ಲಿ ಒಂದು ಸಾಲು ಇರುತ್ತದೆ: ಏಳು ದಿನದೊಳಗೆ ಹಣ ಬಂದರೆ ಮೂಲ ಬೆಲೆಯ ಮೇಲೆ ಶೇ. 2 ಸಿ.ಡಿ., ಇಲ್ಲವಾದರೆ 45 ದಿನದ ಗಡುವು, ಅದನ್ನು ಮೀರಿದರೆ ವರ್ಷಕ್ಕೆ ಶೇ. 18 ಬಡ್ಡಿ. ಇಲ್ಲಿ ಸಿ.ಡಿ. ಎಂದರೆ ಕ್ಯಾಶ್ ಡಿಸ್ಕೌಂಟ್. ವಾಣಿಜ್ಯ ಪಠ್ಯಪುಸ್ತಕಗಳು ಇದನ್ನು ‘ನಗದು ಸೋಡಿ’ ಎಂದು ಕರೆಯುತ್ತವೆ. ಹೆಚ್ಚು ಸರಕು ಕೊಂಡದ್ದಕ್ಕೆ ದರದಲ್ಲೇ ಕಳೆದುಕೊಡುವ ವ್ಯಾಪಾರಿ ಸೋಡಿ ಬೇರೆ. ನಗದು ಸೋಡಿ ಸಿಗುವುದು ಹಣ ಯಾವ ದಿನ ಕೈ ಸೇರಿತು ಎಂಬ ಒಂದೇ ಕಾರಣಕ್ಕೆ. ಆದ್ದರಿಂದ ಅದು ಹೆಸರಿಗೆ ಸೋಡಿಯಾದರೂ ಒಳಗೆ ಬಡ್ಡಿಯೇ. 45 ದಿನದ ಉದ್ರಿಯ ಬೆಲೆಯನ್ನು ಸರಕಿನ ದರದಲ್ಲಿ ಮೊದಲೇ ಸೇರಿಸಿಟ್ಟು, ಉದ್ರಿ ಬೇಡ ಎಂದವರಿಗೆ ಅದನ್ನು ಹಿಂದಿರುಗಿಸುತ್ತಾರೆ.

ಹಾವೇರಿ ಜಿಲ್ಲೆಯಲ್ಲಿ ಪಿವಿಸಿ ಪೈಪು ಮಾರುವ ಅಂಗಡಿಯೊಂದರ ಲೆಕ್ಕವನ್ನು ನಾನು ಹಲವು ವರ್ಷಗಳಿಂದ ನೋಡುತ್ತಿದ್ದೇನೆ. ಬೇಸಿಗೆಯಲ್ಲಿ, ಬೋರ್‌ವೆಲ್ ಕೊರೆಸುವವರು ಸಾಲುಗಟ್ಟುವ ಹೊತ್ತಿನಲ್ಲಿ, ಅಂಗಡಿಯ ಯಜಮಾನರು ಒಂದು ಬಿಲ್ಲನ್ನು ನನ್ನ ಮುಂದೆ ಇಟ್ಟರು.

“ಸರ್, ಬ್ಯಾಂಕಿನವರು ಹತ್ತೂವರೆ ಪರ್ಸೆಂಟ್ ಬಡ್ಡಿ ಹಾಕುತ್ತಾರೆ. ಕಂಪನಿಯವರು ಕೊಡುವುದು ಎರಡೇ ಪರ್ಸೆಂಟ್. ಹತ್ತೂವರೆಗೆ ಸಾಲ ತಂದು ಎರಡು ಉಳಿಸುವುದು ಯಾವ ಜಾಣತನ?”

“ಸಾಹುಕಾರರೇ, ಕೈಗಡ ಕೊಡುವವರು ‘ನೂರಕ್ಕೆ ಎರಡು ರೂಪಾಯಿ’ ಎಂದರೆ ನೀವು ಏನು ತಿಳಿಯುತ್ತೀರಿ?”

“ತಿಂಗಳಿಗೆ ಎರಡು. ವರ್ಷಕ್ಕೆ ಇಪ್ಪತ್ತನಾಲ್ಕು.”

“ಹಾಗಾದರೆ ಕಂಪನಿಯವರ ಎರಡು ಎಷ್ಟು ದಿನಕ್ಕೆ?”

ಅವರು ಬಿಲ್ಲನ್ನು ಮತ್ತೆ ಕೈಗೆ ತೆಗೆದುಕೊಂಡರು. ಹತ್ತೂವರೆ ಎಂಬುದು 365 ದಿನದ ಮಾತು. ಎರಡು ಎಂಬುದು 45ರಲ್ಲಿ 7 ಕಳೆದರೆ ಉಳಿಯುವ 38 ದಿನದ ಮಾತು. ಎರಡನ್ನೂ ಒಂದೇ ಅಳತೆಗೆ ತರದೆ ಪಕ್ಕಪಕ್ಕದಲ್ಲಿ ಇಡುವಂತಿಲ್ಲ. ವಾಣಿಜ್ಯ ವಿದ್ಯಾರ್ಥಿಗಳು ಓದುವ ‘2/10, ನೆಟ್ 30’ ಎಂಬ ಉದಾಹರಣೆಯಲ್ಲಿ, ಹತ್ತು ದಿನದೊಳಗೆ ಕಟ್ಟಿದರೆ ಶೇ. 2 ಸೋಡಿ, ಇಲ್ಲವಾದರೆ 30 ದಿನದ ಗಡುವು. ಅಂದರೆ ಇಪ್ಪತ್ತು ದಿನಕ್ಕೆ ಶೇ. 2 ಸೋಡಿ ಸಿಗುತ್ತದೆ, ಅದು ವರ್ಷಕ್ಕೆ ಸುಮಾರು ಶೇ. 37 ಆಗುತ್ತದೆ. ಆ ಸಂಖ್ಯೆಯನ್ನು ನೆನಪಿಟ್ಟುಕೊಂಡು ‘ಸಿ.ಡಿ. ಯಾವತ್ತೂ ಲಾಭವೇ’ ಎಂದು ಹೇಳುವವರಿದ್ದಾರೆ. ಅದೂ ಸರಿಯಲ್ಲ. ಬಿಲ್ಲು ಬದಲಾದರೆ ಉತ್ತರವೂ ಬದಲಾಗುತ್ತದೆ.

ವಾರ್ಷಿಕ ದರದ ಸೂತ್ರಕ್ಕಿಂತ ರೂಪಾಯಿಯಲ್ಲೇ ಲೆಕ್ಕ ಹಾಕುವುದು ಅಂಗಡಿಯವರಿಗೆ ಹೆಚ್ಚು ಒಗ್ಗುತ್ತದೆ. ಆ ಬಿಲ್ಲಿನಲ್ಲಿ ಪೈಪಿನ ಮೂಲ ಬೆಲೆ 1,00,000 ರೂಪಾಯಿ, ಜಿಎಸ್‌ಟಿ ಶೇ. 18ರಂತೆ 18,000, ಒಟ್ಟು 1,18,000. ಸಿ.ಡಿ. ಸಿಗುವುದು ಮೂಲ ಬೆಲೆಯ ಮೇಲೆ ಮಾತ್ರ, ಅಂದರೆ 2,000. ಏಳನೇ ದಿನ ಕಟ್ಟಬೇಕಾದದ್ದು 1,16,000. ಇದನ್ನು ಸಿಸಿ ಖಾತೆಯಿಂದ, ಅಂದರೆ ಕ್ಯಾಶ್ ಕ್ರೆಡಿಟ್ ಮಿತಿಯಿಂದ, 38 ದಿನ ಮುಂಚೆ ತೆಗೆದರೆ ಬೀಳುವ ಬಡ್ಡಿ ಹೀಗಿದೆ:

```
116000 × 10.5/100 × 38/365 = 1268
```

ಬಡ್ಡಿ 1,268, ಸೋಡಿ 2,000. ಒಂದು ಬಿಲ್ಲಿನಲ್ಲಿ 732 ರೂಪಾಯಿ ಉಳಿಯಿತು. ಸಿಸಿ ಖಾತೆಯಲ್ಲಿ ಬಡ್ಡಿಯನ್ನು ಆಯಾ ದಿನದ ಬಾಕಿಯ ಮೇಲೆ ಲೆಕ್ಕ ಹಾಕಿ ತಿಂಗಳ ಕೊನೆಗೆ ಖರ್ಚು ಹಾಕುತ್ತಾರೆ. ಆದ್ದರಿಂದ 38 ದಿನದ ಬಳಕೆಗೆ 38 ದಿನದ ಬಡ್ಡಿ ಮಾತ್ರ. ಇದಕ್ಕಾಗಿಯೇ ಹೊಸ ಸಾಲ ಮಾಡುವುದಾದರೆ ಸಂಸ್ಕರಣಾ ಶುಲ್ಕವನ್ನೂ ಬಡ್ಡಿಗೆ ಸೇರಿಸಿ ನೋಡಬೇಕು.

ಇಲ್ಲಿ ಜಿಎಸ್‌ಟಿಯ ಹತ್ತಿರ ಸ್ವಲ್ಪ ನಿಲ್ಲಬೇಕು, ಏಕೆಂದರೆ ಹೆಚ್ಚಿನವರು ಎಡವುವುದು ಇಲ್ಲೇ. ಸೋಡಿ ಸಿಗುವುದು ಒಂದು ಲಕ್ಷದ ಮೇಲೆ, ಬೇಗ ಕೈಬಿಡಬೇಕಾದ ಹಣ ಮಾತ್ರ ತೆರಿಗೆಯೂ ಸೇರಿದ್ದು. ತೆರಿಗೆಯ 18,000ಕ್ಕೆ ಸೋಡಿ ಇಲ್ಲ, ಆದರೆ 38 ದಿನದ ಬಡ್ಡಿ ಅದರ ಮೇಲೂ ಬೀಳುತ್ತದೆ. ಇದನ್ನು ಮರೆತು ಲೆಕ್ಕ ಹಾಕಿದರೆ ಈ ಬಿಲ್ಲಿನ ಸೋಡಿ ವರ್ಷಕ್ಕೆ ಶೇ. 19.6ರಂತೆ ಕಾಣುತ್ತದೆ. ಸೇರಿಸಿ ನೋಡಿದರೆ ಶೇ. 16.6ಕ್ಕೆ ಇಳಿಯುತ್ತದೆ. ಕೆಲವು ಪೂರೈಕೆದಾರರು ಸೋಡಿಗೆ ತಕ್ಕಂತೆ ತೆರಿಗೆಯನ್ನೂ ಇಳಿಸಿ 2,360ರ ಕ್ರೆಡಿಟ್ ನೋಟ್ ಕೊಡುತ್ತಾರೆ. ಅದರಲ್ಲಿನ 360 ಲಾಭವಲ್ಲ. ಖರೀದಿಯ ಮೇಲೆ ಕಟ್ಟಿದ ತೆರಿಗೆಗೆ ಸಿಗುವ ಹೂಡುವಳಿ ತೆರಿಗೆ ಜಮೆಯಲ್ಲಿ ಅಷ್ಟನ್ನು ನಾವು ವಾಪಸು ಮಾಡಬೇಕಾಗುತ್ತದೆ, ಉಳಿಯುವುದು ಆ 2,000 ಮಾತ್ರ.

ಅದೇ ವಾರ ಅವರ ಮೇಜಿನ ಮೇಲೆ ಇನ್ನೊಂದು ಕಂಪನಿಯ ಬಿಲ್ಲೂ ಇತ್ತು. ಮೊತ್ತ ಅಷ್ಟೇ, ದಿನಗಳೂ ಅವೇ, ಸಿ.ಡಿ. ಮಾತ್ರ ಶೇ. 1. ಈಗ ಸೋಡಿ 1,000, ಕಟ್ಟಬೇಕಾದದ್ದು 1,17,000, ಅದಕ್ಕೆ 38 ದಿನದ ಬಡ್ಡಿ 1,279. ಬೇಗ ಕಟ್ಟಿದರೆ 279 ರೂಪಾಯಿ ಕೈಯಿಂದ ಹೋಗುತ್ತದೆ. ಜಿಎಸ್‌ಟಿಯನ್ನೂ ದಿನಗಳನ್ನೂ ಬಿಟ್ಟು ‘ಸೋಡಿ ಸಿಕ್ಕಿತಲ್ಲ’ ಎಂದು ಸಮಾಧಾನಪಟ್ಟುಕೊಂಡಿದ್ದರೆ ಈ ನಷ್ಟ ಕಣ್ಣಿಗೇ ಬೀಳುತ್ತಿರಲಿಲ್ಲ. ಅದು ತಿಂಗಳ ಕೊನೆಯ ಬ್ಯಾಂಕ್ ಬಡ್ಡಿಯಲ್ಲಿ ಕರಗಿಹೋಗುತ್ತದೆ.

ಇನ್ನು ಯಾವ ಸಾಲದ ಬಡ್ಡಿಯನ್ನು ಹಿಡಿಯಬೇಕು ಎಂಬ ಪ್ರಶ್ನೆ. ಆ ದಿನ ಹೆಚ್ಚುವರಿಯಾಗಿ ಒಂದು ಲಕ್ಷ ಎಲ್ಲಿಂದ ಬರುತ್ತದೆಯೋ ಅದರ ಬಡ್ಡಿಯನ್ನು ಹಿಡಿಯಬೇಕು. ಸಿಸಿ ಮಿತಿ ಪೂರ್ತಿ ಮುಗಿದು, ಕೈಗಡಕ್ಕೆ ನೂರಕ್ಕೆ ಎರಡರಂತೆ ತರುವುದಾದರೆ ಮೊದಲ ಬಿಲ್ಲಿನ ಲೆಕ್ಕವೂ ತಲೆಕೆಳಗಾಗುತ್ತದೆ. 1,16,000ಕ್ಕೆ ವರ್ಷಕ್ಕೆ ಶೇ. 24ರಂತೆ 38 ದಿನಕ್ಕೆ 2,898 ಬಡ್ಡಿ. ಸೋಡಿ ಹೋದರೆ ಹೋಗಲಿ, 45ನೇ ದಿನದವರೆಗೆ ಕಾಯುವುದೇ ಸರಿ. ಗಲ್ಲಾಪೆಟ್ಟಿಗೆಯಲ್ಲಿ ಸ್ವಂತ ಹಣವೇ ಇದ್ದರೂ ಅದು ಪುಕ್ಕಟೆಯಲ್ಲ. ಆ ಹಣವನ್ನು ಸಿಸಿ ಖಾತೆಗೆ ಕಟ್ಟಿದ್ದರೆ ಅಷ್ಟು ಬಡ್ಡಿ ಕಡಿಮೆ ಬೀಳುತ್ತಿತ್ತು.

ಮಿತಿ ಮುಗಿದಿದೆ ಎನ್ನುವವರು ಡ್ರಾಯಿಂಗ್ ಪವರ್ ಲೆಕ್ಕವನ್ನೂ ಒಮ್ಮೆ ನೋಡಬೇಕು. ಬ್ಯಾಂಕು ದಾಸ್ತಾನಿನ ಬೆಲೆಯಿಂದ ಪೂರೈಕೆದಾರರ ಬಾಕಿಯನ್ನು ಕಳೆದು, ಉಳಿದದ್ದರಲ್ಲಿ ತನ್ನ ಮಾರ್ಜಿನ್ ಹಿಡಿದು ಹಣ ತೆಗೆಯಲು ಬಿಡುತ್ತದೆ. ಮಾರ್ಜಿನ್ ಶೇ. 25 ಎಂದುಕೊಂಡರೆ, 1,18,000ದ ಬಾಕಿ ತೀರಿದಾಗ ಮುಂದಿನ ತಿಂಗಳ ದಾಸ್ತಾನು ಪಟ್ಟಿ ಕೊಟ್ಟ ಮೇಲೆ ಡ್ರಾಯಿಂಗ್ ಪವರ್ 88,500ರಷ್ಟು ಏರುತ್ತದೆ. ಮಂಜೂರಾದ ಮಿತಿಯೊಳಗೆ ಜಾಗವಿದ್ದರೆ ಬೇಗ ಕಟ್ಟಿದ್ದರಿಂದ ಮುಂದೆ ಕೈಕಟ್ಟುವುದು ಅಂದುಕೊಂಡಷ್ಟಲ್ಲ.

ಎಲ್ಲಕ್ಕಿಂತ ಕಷ್ಟದ ಪ್ರಶ್ನೆಯನ್ನು ಕೊನೆಗೆ ಕೇಳಿದೆ: “ಸೋಡಿ ಬಿಟ್ಟರೆ ನಿಜವಾಗಿ ಎಷ್ಟನೇ ದಿನ ಕಟ್ಟುತ್ತೀರಿ?” ಅವರು ನಲವತ್ತೈದು ಎಂದರು. ಲೆಡ್ಜರ್ ತೆಗೆದು ನೋಡಿದರೆ ಎಪ್ಪತ್ತರಿಂದ ಎಂಬತ್ತು ದಿನ. ಬಿಲ್ಲಿನಲ್ಲಿ ಶೇ. 18 ಬಡ್ಡಿ ಎಂದು ಬರೆದಿದ್ದರೂ ಕಂಪನಿಯವರು ಒಮ್ಮೆಯೂ ವಸೂಲು ಮಾಡಿರಲಿಲ್ಲ. ಹಾಗಿದ್ದರೆ ಬೇಗ ಕಟ್ಟುವುದರಿಂದ ಬಿಟ್ಟುಕೊಡುವುದು 38 ದಿನವಲ್ಲ. 75ನೇ ದಿನ ಕಟ್ಟುವ ರೂಢಿಯಾದರೆ 68 ದಿನ. 1,16,000ಕ್ಕೆ 68 ದಿನದ ಬಡ್ಡಿ 2,269. ಶೇ. 2ರ ಸೋಡಿಯೂ ಆಗ 269 ರೂಪಾಯಿ ನಷ್ಟದ ವ್ಯವಹಾರ.

ಅಂಕಿ ಹೀಗೆ ಹೇಳಿದರೂ ಎಳೆದಾಡುವುದನ್ನು ನಾನು ಒಪ್ಪಲಿಲ್ಲ. ಬೇಸಿಗೆಯಲ್ಲಿ ಸರಕು ಕಡಿಮೆ ಬಿದ್ದಾಗ ಲಾರಿ ಮೊದಲು ಹೋಗುವುದು ಬಾಕಿ ಇಲ್ಲದವರ ಅಂಗಡಿಗೆ. ಇದನ್ನು ಅವರು ಹಿಂದಿನ ಏಪ್ರಿಲ್‌ನಲ್ಲಿ ಸ್ವತಃ ಅನುಭವಿಸಿದ್ದರು. ಇನ್ನೊಂದು ವಿಷಯ ಕಾನೂನಿನದು. ಪೈಪು ಕೊಟ್ಟವರು ನೋಂದಾಯಿತ ಅತಿಸಣ್ಣ ಅಥವಾ ಸಣ್ಣ ಉತ್ಪಾದಕರಾಗಿದ್ದರೆ, 2006ರ ಎಂಎಸ್‌ಎಂಇ ಅಭಿವೃದ್ಧಿ ಕಾಯ್ದೆಯ ಪ್ರಕಾರ ಲಿಖಿತ ಒಪ್ಪಂದವಿದ್ದರೂ 45 ದಿನ ಮೀರುವಂತಿಲ್ಲ, ಒಪ್ಪಂದವೇ ಇಲ್ಲದಿದ್ದರೆ 15 ದಿನ. ಮೀರಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ಜೊತೆಗೆ 2023ರ ಹಣಕಾಸು ಕಾಯ್ದೆ ತಂದ ನಿಯಮದಂತೆ, ಗಡುವು ದಾಟಿ ವರ್ಷಾಂತ್ಯಕ್ಕೂ ಬಾಕಿ ಉಳಿದ ಅಂಥ ಬಿಲ್ಲು ಆ ವರ್ಷದ ಆದಾಯ ತೆರಿಗೆ ಲೆಕ್ಕದಲ್ಲಿ ಖರ್ಚಾಗಿ ಸಿಗುವುದಿಲ್ಲ, ಹಣ ಕಟ್ಟಿದ ವರ್ಷಕ್ಕೆ ಹೋಗುತ್ತದೆ. ಅಂಥವರ ಬಿಲ್ಲಿನಲ್ಲಿ 75ನೇ ದಿನ ಎಂಬ ಆಯ್ಕೆಯನ್ನು ಲೆಕ್ಕಕ್ಕೇ ತರಬಾರದು.

ದಿನ ಎಣಿಸುವಲ್ಲಿ ಇನ್ನೊಂದು ತಪ್ಪು ಅವರ ಲೆಡ್ಜರಿನಲ್ಲೇ ಸಿಕ್ಕಿತು. ಲಾರಿ ನಾಲ್ಕು ದಿನ ತೆಗೆದುಕೊಂಡಿತ್ತು, ಅವರು ಸರಕು ಇಳಿಸಿದ ದಿನದಿಂದ ಏಳು ಎಣಿಸಿದ್ದರು. ಕಂಪನಿ ಎಣಿಸಿದ್ದು ಬಿಲ್ಲಿನ ದಿನಾಂಕದಿಂದ. ಚೆಕ್ ಕೊಟ್ಟ ದಿನವಲ್ಲ, ಹಣ ಜಮೆಯಾದ ದಿನವೇ ಅವರಿಗೆ ಲೆಕ್ಕ. ಸೋಡಿ ಹಿಡಿದುಕೊಂಡು ಕಟ್ಟಿದ್ದು ಅವರ ಪಾಲಿಗೆ 12ನೇ ದಿನವಾಗಿ, ಮೂರು ತಿಂಗಳ ಮೇಲೆ 2,000 ರೂಪಾಯಿಯ ಡೆಬಿಟ್ ನೋಟ್ ಬಂದಿತ್ತು. 38 ದಿನದಷ್ಟಲ್ಲದಿದ್ದರೂ ಒಂದು ತಿಂಗಳ ಬಡ್ಡಿ ಹೋಯಿತು, ಸೋಡಿಯೂ ಹೋಯಿತು. ಗಡುವು ತಪ್ಪಿದ ಮೇಲೆ 12ನೇ ದಿನ ಕಟ್ಟುವುದರಿಂದ ಬಂದದ್ದು ಏನೂ ಇಲ್ಲ. ಏಳನೇ ದಿನ ಅಥವಾ ನಲವತ್ತೈದನೇ ದಿನ, ನಡುವಿನ ಯಾವ ದಿನವೂ ಕಟ್ಟುವವರಿಗೆ ನಷ್ಟದ್ದೇ.

ಈಗ ಅವರ ಲೆಡ್ಜರಿನ ಒಳರಟ್ಟಿನ ಮೇಲೆ ಪೆನ್ಸಿಲ್‌ನಲ್ಲಿ ‘1.28’ ಎಂದು ಬರೆದಿದೆ. ಸಿಸಿ ಬಡ್ಡಿ ಹತ್ತೂವರೆ, ಜಿಎಸ್‌ಟಿ 18, ಮುಂಚಿತ ದಿನ 38 ಇದ್ದಾಗ ಬಡ್ಡಿಗೆ ಸರಿಹೊಂದುವ ಸೋಡಿ ಅಷ್ಟು. ಅದಕ್ಕಿಂತ ಹೆಚ್ಚಿದ್ದರೆ ಏಳನೇ ದಿನ ಎನ್‌ಇಎಫ್‌ಟಿ, ಕಡಿಮೆ ಇದ್ದರೆ 45ನೇ ದಿನ. ಪೆನ್ಸಿಲ್ ಏಕೆಂದರೆ ಅವರ ಸಿಸಿ ಬಡ್ಡಿ ರಿಸರ್ವ್ ಬ್ಯಾಂಕಿನ ರೆಪೊ ದರಕ್ಕೆ ಜೋಡಿಸಿದ್ದು. 2025ರ ಫೆಬ್ರುವರಿಯಿಂದ ಜೂನ್ ಒಳಗೆ ರೆಪೊ ಶೇ. 6.5ರಿಂದ 5.5ಕ್ಕೆ ಇಳಿದಂತೆ ಮತ್ತೊಮ್ಮೆ ಒಂದು ಪರ್ಸೆಂಟ್ ಇಳಿದು ಅವರ ಬಡ್ಡಿ ಒಂಬತ್ತೂವರೆಯಾದರೆ, ಅಲ್ಲಿ 1.16 ಎಂದು ತಿದ್ದಬೇಕಾಗುತ್ತದೆ.