ಸೀಟು ಇದೆಯಾ ಅಂತ ಮೊದಲು ಕೇಳಿ

ಆಗಸ್ಟ್ ತಿಂಗಳ ಒಂದು ಭಾನುವಾರ. ಪುಣೆಯ ಖರಾಡಿಯಲ್ಲಿರುವ ನಮ್ಮ ಮನೆಗೆ ವಿಜಯಪುರದ ಹುಡುಗನೊಬ್ಬ ಬಂದಿದ್ದ. ನಮ್ಮ ಅತ್ತೆಯ ಊರಿನ ಕಡೆಯವನು. ಸಾಫ್ಟ್‌ವೇರ್ ಟೆಸ್ಟಿಂಗ್‌ನಲ್ಲಿ ಮೂರು ವರ್ಷ ಕೆಲಸ ಮಾಡಿದ್ದಾನೆ. ಮೊಬೈಲಿನಲ್ಲಿ ಎರಡು ಆಫರ್ ಲೆಟರ್ ಇಟ್ಟುಕೊಂಡಿದ್ದ. ಒಂದು ಬಾಣೇರ್‌ನ ಸಣ್ಣ ಕಂಪನಿಯದು. ಪರ್ಮನೆಂಟ್, ವರ್ಷಕ್ಕೆ 7 ಲಕ್ಷ. ಇನ್ನೊಂದು ಹಿಂಜವಡಿಯ ದೊಡ್ಡ ಕಂಪನಿಯ ಕೆಲಸ, 8.64 ಲಕ್ಷ. ಆದರೆ ಲೆಟರ್ ಕೊಟ್ಟಿದ್ದು ಆ ಕಂಪನಿ ಅಲ್ಲ, ಒಂದು ಏಜೆನ್ಸಿ. ಒಂದು ವರ್ಷದ ಕಾಂಟ್ರಾಕ್ಟ್ ಟು ಹೈರ್, ಅಂದರೆ ಮೊದಲು ಏಜೆನ್ಸಿಯ ಸಂಬಳದಲ್ಲಿ ಕಾಂಟ್ರಾಕ್ಟ್, ಆಮೇಲೆ ಬೇಕಾದರೆ ಕಂಪನಿ ಪರ್ಮನೆಂಟ್ ಮಾಡಿಕೊಳ್ಳುವುದು.

"ಅಕ್ಕಾ, ಹಂಡ್ರೆಡ್ ಪರ್ಸೆಂಟ್ ಪರ್ಮನೆಂಟ್ ಆಗ್ತದ ಅಂದಾಳ್ರೀ ಏಜೆನ್ಸಿಯಾಕಿ" ಅಂದ.

ಈ ಮಾತನ್ನು ಒಂದು ಕಾಲದಲ್ಲಿ ನಾನೂ ಹೇಳಿದ್ದೇನೆ. ಆರು ವರ್ಷ ಇಂಥದೇ ಏಜೆನ್ಸಿಯಲ್ಲಿ ಜನರನ್ನು ಹುಡುಕಿ ಕೊಡುವ ಕೆಲಸ ಮಾಡಿದೆ. ಈಗ ಕಂಪನಿಯೊಂದರ ಎಚ್‌ಆರ್‌ನಲ್ಲಿದ್ದೇನೆ. ಹಾಗಾಗಿ ಆ ಹುಡುಗಿ ಸುಳ್ಳು ಹೇಳಿದಳು ಅನ್ನುವುದಿಲ್ಲ. ಅವಳಿಗೆ ಗೊತ್ತಿರುವುದಿಲ್ಲ, ಅಷ್ಟೇ. ಗೊತ್ತಿರಬೇಕಾದ ಅಗತ್ಯವೂ ಅವಳಿಗೆ ಇರುವುದಿಲ್ಲ.

ಯಾಕೆ ಅಂತ ಅವನಿಗೆ ಒಂದು ಹಾಳೆಯಲ್ಲಿ ಬರೆದು ತೋರಿಸಿದೆ. ಅವನಿಗೆ ತಿಂಗಳಿಗೆ 72,000 ರೂಪಾಯಿ ಸಿಟಿಸಿ, ಅಂದರೆ ಪಿಎಫ್ ಎಲ್ಲ ಸೇರಿಸಿ ಹೇಳುವ ಒಟ್ಟು ಮೊತ್ತ. ಏಜೆನ್ಸಿ ಕಂಪನಿಗೆ ಇದೇ ಮೊತ್ತದ ಬಿಲ್ ಹಾಕುವುದಿಲ್ಲ. 90,000 ಹಾಕುತ್ತದೆ ಅಂತ ಇಟ್ಟುಕೊಳ್ಳಿ, ಜಿಎಸ್‌ಟಿ ಬೇರೆ. ನಡುವಿನ 18,000 ಏಜೆನ್ಸಿಯ ಪಾಲು. ಅದರಲ್ಲೇ ಅವರ ಖರ್ಚು, ಅವರ ಲಾಭ. ಹುಡುಗ ಕಾಂಟ್ರಾಕ್ಟ್‌ನಲ್ಲಿ ಇರುವಷ್ಟು ತಿಂಗಳೂ ಆ ಹಣ ಬರುತ್ತದೆ. ಪರ್ಮನೆಂಟ್ ಆದ ದಿನ ನಿಲ್ಲುತ್ತದೆ. ಬೇಗ ಕರೆದುಕೊಂಡರೆ ಕಂಪನಿ ಒಂದು ಸಲ ಫೀ ಕೊಡಬೇಕು. ಸಾಮಾನ್ಯವಾಗಿ ವರ್ಷದ ಸಂಬಳದ 8.33 ಪರ್ಸೆಂಟ್, ಅಂದರೆ ಒಂದು ತಿಂಗಳ ಸಂಬಳ. ಆರು ತಿಂಗಳೋ ವರ್ಷವೋ ಕಳೆದ ಮೇಲೆ ಕರೆದುಕೊಂಡರೆ ಎಷ್ಟೋ ಒಪ್ಪಂದಗಳಲ್ಲಿ ಆ ಫೀ ಕೂಡ ಇರುವುದಿಲ್ಲ. ಅಂದ ಮೇಲೆ ನೀವು ಪರ್ಮನೆಂಟ್ ಆಗಲಿ ಅಂತ ಏಜೆನ್ಸಿ ಹರಕೆ ಹೊರುವುದಿಲ್ಲ ಅಲ್ವಾ?

ಇಲ್ಲಿ ಹುಡುಗ ಒಳ್ಳೆಯ ಪ್ರಶ್ನೆ ಕೇಳಿದ. "ಹಂಗಿದ್ರ ಕಂಪನಿಗೆ ನನ್ನ ಪರ್ಮನೆಂಟ್ ಮಾಡ್ಕೊಂಡ್ರ ಲಾಭನ ಅಲ್ರೀ? ತಿಂಗಳಾ ಹದಿನೆಂಟು ಸಾವಿರ ಉಳೀತದ."

ಲೆಕ್ಕದ ಪ್ರಕಾರ ಸರಿ. ಆದರೂ ಮಾಡಿಕೊಳ್ಳುವುದಿಲ್ಲ. ಹೊರಗಿನವರಿಗೆ ಅರ್ಥವಾಗದ ಜಾಗ ಇದೇ. ದೊಡ್ಡ ಕಂಪನಿಯಲ್ಲಿ ಕಾಂಟ್ರಾಕ್ಟ್ ಹುಡುಗನ ಬಿಲ್ಲು ಒಂದು ಜೇಬಿನಿಂದ ಹೋಗುತ್ತದೆ, ಪರ್ಮನೆಂಟ್ ಸಂಬಳ ಇನ್ನೊಂದು ಜೇಬಿನಿಂದ. ಮೊದಲನೆಯದು ಪ್ರಾಜೆಕ್ಟ್ ಖರ್ಚು, ಹೊರಗಿನ ಸೇವೆಯ ಖರ್ಚು. ಅದಕ್ಕೆ ಮ್ಯಾನೇಜರ್ ಸಹಿ ಹಾಕಿದರೆ ಬಹಳ ಕಡೆ ಕೆಲಸ ನಡೆಯುತ್ತದೆ. ಎರಡನೆಯದಕ್ಕೆ ಹೆಡ್‌ಕೌಂಟ್ ಬೇಕು. ಈ ಟೀಮಿನಲ್ಲಿ ಇಷ್ಟೇ ಜನ ಅಂತ ಮೇಲಿನವರು ವರ್ಷಕ್ಕೊಮ್ಮೆ ಒಪ್ಪಿ ಕೊಡುವ ಸಂಖ್ಯೆ ಅದು. ನಾವು ಆಫೀಸಿನಲ್ಲಿ ಸುಮ್ನೆ "ಸೀಟು" ಅನ್ನುತ್ತೇವೆ. ಮ್ಯಾನೇಜರ್ ಹತ್ತಿರ ಹಣ ಇದ್ದರೂ ಸೀಟು ಇಲ್ಲದಿದ್ದರೆ ನಿಮ್ಮನ್ನು ಒಳಗೆ ತೆಗೆದುಕೊಳ್ಳಲಾರ. ನೀವು ಎಷ್ಟೇ ಚೆನ್ನಾಗಿ ಕೆಲಸ ಮಾಡಿದರೂ ಅಷ್ಟೇ. ನಿಮ್ಮ ಕೆಲಸ ಲೆಕ್ಕಕ್ಕೆ ಬರುವುದು ಸೀಟು ಬಂದ ಮೇಲೆ, ಅದಕ್ಕೆ ಮೂವರು ಕಾದಿದ್ದಾಗ.

ಹಾಗಾಗಿ ಕೇಳಬೇಕಾದ್ದು "ಪರ್ಮನೆಂಟ್ ಆಗುತ್ತಾ" ಅಂತಲ್ಲ. ಈ ಕೆಲಸಕ್ಕೆ ಸೀಟು ಮಂಜೂರಾಗಿದೆಯಾ? ಇಲ್ಲದಿದ್ದರೆ ಯಾವ ತಿಂಗಳು ಕೇಳುತ್ತೀರಿ, ಒಪ್ಪುವವರು ಯಾರು? ಇದನ್ನು ಏಜೆನ್ಸಿಯವರ ಹತ್ತಿರ ಕೇಳಿ ಪ್ರಯೋಜನ ಇಲ್ಲ. ಇಂಟರ್‌ವ್ಯೂ ಮಾಡಿದ ಮ್ಯಾನೇಜರನ್ನೇ ಕೇಳಬೇಕು, ಅದೂ ಲೆಟರ್‌ಗೆ ಸಹಿ ಹಾಕುವ ಮೊದಲು. ಹುಡುಗರಿಗೆ ಹಿಂಜರಿಕೆ. ಕೇಳಿದರೆ ಕೆಲಸ ಕೈತಪ್ಪೀತು ಅಂತ. ನನ್ನ ಅನುಭವದಲ್ಲಿ ಹೀಗೆ ಕೇಳಿದವರನ್ನು ಮ್ಯಾನೇಜರ್‌ಗಳು ಬಿಟ್ಟಿದ್ದು ನೋಡಿಲ್ಲ. ಆಯ್ಕೆ ಮಾಡಿಯಾಗಿದೆ, ಇನ್ನೊಬ್ಬನನ್ನು ಹುಡುಕಲು ಅವರಿಗೂ ಸೋಮಾರಿತನ.

ಈ ಕೆಲಸ ಯಾಕೆ ಖಾಲಿಯಾಯಿತು ಅನ್ನುವುದನ್ನೂ ಕೇಳಿ. ಉತ್ತರದಲ್ಲಿ ಬಹಳ ವಿಷಯ ಇರುತ್ತದೆ. ಪರ್ಮನೆಂಟ್ ಇದ್ದವರು ಬಿಟ್ಟು ಹೋದರು, ಸದ್ಯ ಹೊಸ ನೇಮಕಾತಿ ನಿಲ್ಲಿಸಿದ್ದಾರೆ, ಅದಕ್ಕೇ ಕಾಂಟ್ರಾಕ್ಟ್ ಅಂದರೆ ಅದು ಒಳ್ಳೆಯ ಸುದ್ದಿ. ಸೀಟು ಒಮ್ಮೆ ಇತ್ತು, ಮತ್ತೆ ಬರಬಹುದು. ಗ್ರಾಹಕರೊಬ್ಬರ ಪ್ರಾಜೆಕ್ಟ್‌ಗೆ ಅಂದರೆ ಆ ಪ್ರಾಜೆಕ್ಟ್ ಮುಗಿಯುವ ತಾರೀಕೇ ನಿಮ್ಮ ತಾರೀಕು. ಇನ್ನು ಅವಧಿಯನ್ನೇ ನೋಡಿ ಕೆಲವನ್ನು ಊಹಿಸಬಹುದು. ಆರು, ಏಳು ತಿಂಗಳ ಕಾಂಟ್ರಾಕ್ಟ್ ಬಂದರೆ ನಾನು ಮೊದಲು ಕೇಳುವುದು, ಯಾರಾದರೂ ಹೆರಿಗೆ ರಜೆಗೆ ಹೋಗಿದ್ದಾರಾ ಅಂತ. ನಮ್ಮಲ್ಲಿ ಮೊದಲ ಎರಡು ಮಕ್ಕಳಿಗೆ 26 ವಾರ ರಜೆ. ಅದಕ್ಕೆ ಹಿಂದೆ ಮುಂದೆ ಒಂದಿಷ್ಟು ಸೇರಿಸಿದರೆ ಸರಿಯಾಗಿ ಏಳು ತಿಂಗಳು. ಆಕೆ ವಾಪಸ್ ಬರುತ್ತಾಳೆ, ಸೀಟು ಆಕೆಯದು. ಆ ಕೆಲಸ ಬೇಡ ಅಂತಲ್ಲ. ಪರ್ಮನೆಂಟ್ ಆಸೆಯಿಂದ ಸೇರಬೇಡಿ ಅಷ್ಟೇ.

ಹನ್ನೊಂದು ತಿಂಗಳ ಕಾಂಟ್ರಾಕ್ಟ್ ಕಂಡರೂ ಸ್ವಲ್ಪ ನಿಂತು ನೋಡಿ. ಕಂಪನಿಯೇ ನೇರವಾಗಿ ನಿಗದಿತ ಅವಧಿಗೆ ತೆಗೆದುಕೊಂಡವರಿಗೆ ಈಗ ಒಂದು ವರ್ಷದ ಸೇವೆಗೇ ಗ್ರಾಚ್ಯುಟಿ ಸಿಗುತ್ತದೆ. 2025ರ ನವೆಂಬರ್ 21ರಿಂದ ಜಾರಿಗೆ ಬಂದ ಕಾರ್ಮಿಕ ಸಂಹಿತೆಗಳಲ್ಲಿ ಹಾಗಿದೆ. ಮೊದಲು ಐದು ವರ್ಷ ಬೇಕಿತ್ತು. ತಿಂಗಳ ಮೂಲ ವೇತನ 36,000 ಇದ್ದರೆ ಅದನ್ನು 26ರಿಂದ ಭಾಗಿಸಿ 15ರಿಂದ ಗುಣಿಸಿ, ವರ್ಷಕ್ಕೆ ಸುಮಾರು 20,770 ರೂಪಾಯಿ. ಹನ್ನೊಂದು ತಿಂಗಳಿಗೆ ಮುಗಿಸಿದರೆ ಅದೂ ಉಳಿಯುತ್ತದೆ ಅನ್ನುವುದು ಕೆಲವು ಕಂಪನಿಗಳ ಲೆಕ್ಕ. ಹಾಗೆ ಲೆಕ್ಕ ಹಾಕುವ ಕಂಪನಿ ಸೀಟು ಕೊಡುವುದರಲ್ಲಿ ಧಾರಾಳಿ ಆಗಿರುತ್ತದಾ, ನೀವೇ ಯೋಚಿಸಿ.

ನಮ್ಮ ಹುಡುಗ ಮರುದಿನ ಮ್ಯಾನೇಜರ್‌ಗೆ ಫೋನ್ ಮಾಡಿದ. ಮೊದಲ ಉತ್ತರ, "ನಮ್ಮ ಟೀಮಲ್ಲಿ ಬಹಳ ಜನ ಆಗಿದ್ದಾರೆ." ಇಂಥ ಉತ್ತರ ಬರುತ್ತದೆ ಅಂತ ಅವನಿಗೆ ಮೊದಲೇ ಹೇಳಿದ್ದೆ. "ಬಹಳ" ಅನ್ನುವುದು ಸಂಖ್ಯೆ ಅಲ್ಲ. ಎರಡು ವರ್ಷದಲ್ಲಿ ಈ ದಾರಿಯಲ್ಲಿ ಎಷ್ಟು ಜನ ಬಂದರು, ಎಷ್ಟು ಜನ ಆದರು, ಆದವರಲ್ಲಿ ಒಬ್ಬರ ಜೊತೆ ಮಾತಾಡಬಹುದಾ ಅಂತ ಮತ್ತೆ ಕೇಳಿದ. ಆಗ ಮ್ಯಾನೇಜರ್ ನಕ್ಕು ಸರಿಯಾಗಿ ಹೇಳಿದರಂತೆ. ಐದು ಜನ ಬಂದಿದ್ದರು. ಇಬ್ಬರು ಆದರು. ಒಬ್ಬ ಬಿಟ್ಟ. ಇನ್ನಿಬ್ಬರು ಇನ್ನೂ ಕಾಂಟ್ರಾಕ್ಟ್‌ನಲ್ಲೇ ಇದ್ದಾರೆ, ಅವರಲ್ಲಿ ಒಬ್ಬರಿಗೆ 22 ತಿಂಗಳಾಗಿದೆ. ಈ ಕೆಲಸ ಖಾಲಿಯಾಗಿದ್ದು ಪರ್ಮನೆಂಟ್ ಹುಡುಗಿಯೊಬ್ಬಳು ಬಿಟ್ಟಿದ್ದರಿಂದ. ಮಾರ್ಚ್‌ವರೆಗೆ ನೇಮಕಾತಿ ಇಲ್ಲ. ಜನವರಿಯಲ್ಲಿ ಬಜೆಟ್ ಮಾಡುವಾಗ ಎರಡು ಸೀಟು ಕೇಳುತ್ತಾರೆ. ಏಪ್ರಿಲ್‌ನಲ್ಲಿ ಗೊತ್ತಾಗುತ್ತದೆ.

ಇದನ್ನು ಓದುವುದು ಹೇಗೆ? ಐದರಲ್ಲಿ ಎರಡು ಅಂದರೆ ನಲವತ್ತು ಪರ್ಸೆಂಟ್ ಅಂತ ಹಾಕಬೇಡಿ. ಕೇಳುವುದು ಎರಡು ಸೀಟು, ಕಾದಿರುವವರು ಇವನೂ ಸೇರಿ ಮೂವರು, ಅದರಲ್ಲಿ ಒಬ್ಬರದು 22 ತಿಂಗಳ ಸರತಿ. ಎರಡೂ ಸೀಟು ಬಂದರೆ ಇವನಿಗೆ ಅರ್ಧ ಅವಕಾಶ. ಒಂದೇ ಬಂದರೆ ಇಲ್ಲ ಅಂತಲೇ ತಿಳಿಯಬೇಕು. ಎಷ್ಟೋ ದೊಡ್ಡ ಕಂಪನಿಗಳು ಕಾಂಟ್ರಾಕ್ಟ್‌ನವರನ್ನು 18 ಅಥವಾ 24 ತಿಂಗಳಿಗಿಂತ ಜಾಸ್ತಿ ಇಟ್ಟುಕೊಳ್ಳುವುದಿಲ್ಲ. ಆ 22 ತಿಂಗಳಿನವರು ಒಳಗೆ ಬರುತ್ತಾರೆ, ಇಲ್ಲವೇ ಹೊರಗೆ ಹೋಗುತ್ತಾರೆ. ಹೇಗಾದರೂ ಸರತಿ ಸರಿಯುತ್ತದೆ.

ಹಿಂಜವಡಿಗೇ ಹೋಗುತ್ತೇನೆ ಅಂದ. ನಾನೂ ಬೇಡ ಅನ್ನಲಿಲ್ಲ. ಕೆಲಸ ಒಳ್ಳೆಯದಿತ್ತು, ಕಲಿಯಲು ಇತ್ತು. ಆದರೆ ಲೆಟರ್ ಇನ್ನೊಮ್ಮೆ ಓದಿಸಿದೆ. ಅದರಲ್ಲಿ ಕಂಪನಿ ಬೇಡ ಅಂದರೆ 15 ದಿನದಲ್ಲಿ ಮನೆಗೆ, ಇವನು ಬಿಡಬೇಕಾದರೆ 60 ದಿನ ನೋಟಿಸ್. ಇದು ಬದಲಾಗದೆ ಸಹಿ ಬೇಡ ಅಂದೆ. ಯಾಕಂದರೆ ಏಪ್ರಿಲ್‌ನಲ್ಲಿ ಸೀಟು ಬರದಿದ್ದರೆ ಅವನು ಬೇರೆ ಕಡೆ ಬೇಗ ಹೋಗಬೇಕು. ಏಜೆನ್ಸಿಯವರು ಎರಡು ದಿನ ಎಳೆದಾಡಿ ಎರಡೂ ಕಡೆ 30 ದಿನ ಮಾಡಿದರು. ಆರು ತಿಂಗಳ ಮೊದಲು ಕಂಪನಿ ಅವನನ್ನು ತೆಗೆದುಕೊಳ್ಳುವಂತಿಲ್ಲ ಅನ್ನುವ ಷರತ್ತನ್ನು ಹಾಗೇ ಬಿಟ್ಟೆವು. ಸೆಪ್ಟೆಂಬರ್‌ನಲ್ಲಿ ಸೇರಿದರೆ ಫೆಬ್ರವರಿಗೆ ಅದು ಮುಗಿಯುತ್ತದೆ, ಏಪ್ರಿಲ್‌ಗೆ ಅಡ್ಡಿ ಇಲ್ಲ. ಏಜೆನ್ಸಿ ಹಣ ಕಟ್ಟುತ್ತಿದೆಯಾ ಅಂತ ಪಿಎಫ್ ಪಾಸ್‌ಬುಕ್ ಮಾತ್ರ ತಿಂಗಳು ತಿಂಗಳು ನೋಡು ಅಂದೆ.

ಒಂದು ಪ್ರಶ್ನೆ ಮಾತ್ರ ನನಗೇ ಮರೆತುಹೋಗಿತ್ತು. ಪರ್ಮನೆಂಟ್ ಆದರೆ ಯಾವ ಸಂಬಳಕ್ಕೆ?

ಮೇ ತಿಂಗಳಲ್ಲಿ ಎರಡೂ ಸೀಟು ಬಂದವು. ಒಂದು ಇವನಿಗೆ. ಪೇಡಾ ಹಿಡಿದುಕೊಂಡು ಬಂದ, ಮುಖ ಮಾತ್ರ ಸಪ್ಪಗಿತ್ತು. "ಅದೇ 8.64 ಅಂದಾರ್ರೀ ಅಕ್ಕಾ. ಆದ್ರ ಕೈಗೆ ಕಡಿಮಿ ಬರ್ತದಂತ."

ಹೌದು, ಕಡಿಮೆ ಬರುತ್ತದೆ. ಏಜೆನ್ಸಿಯಲ್ಲಿ 8.64 ಪೂರ್ತಿ ಖಚಿತ ಸಂಬಳವಾಗಿತ್ತು. ಅವನದು, ಏಜೆನ್ಸಿಯದು ಎರಡೂ ಪಾಲಿನ ಪಿಎಫ್ 3,600 ಮತ್ತು ಮಹಾರಾಷ್ಟ್ರದ ಪ್ರೊಫೆಷನಲ್ ಟ್ಯಾಕ್ಸ್ 200 ಕಳೆದು ಕೈಗೆ 68,200 ಬರುತ್ತಿತ್ತು. ಕಂಪನಿಯ 8.64ರಲ್ಲಿ ಹತ್ತು ಪರ್ಸೆಂಟ್ ವೇರಿಯಬಲ್. ಅದು ವರ್ಷದ ಕೊನೆಗೆ ಬಂದರೆ ಬಂತು. ಗ್ರಾಚ್ಯುಟಿಯ ಲೆಕ್ಕವೂ ಸಿಟಿಸಿ ಒಳಗೇ, ತಿಂಗಳಿಗೆ ಸುಮಾರು 1,730. ಕೂಡಿ ಕಳೆದರೆ ಕೈಗೆ 59,300ರ ಆಸುಪಾಸು. ತಿಂಗಳಿಗೆ ಒಂಬತ್ತು ಸಾವಿರ ಹೋಯಿತು. ಅವನ ರೂಮಿನ ಬಾಡಿಗೆಯ ಪಾಲೂ ಅಷ್ಟೇ ಇದೆ.

ಆಗಸ್ಟ್‌ನಲ್ಲೇ ಮ್ಯಾನೇಜರ್ ಹತ್ತಿರ "ಆಗ ಖಚಿತ ಸಂಬಳ ಎಷ್ಟಿರುತ್ತೆ" ಅಂತ ಕೇಳಿ, ಉತ್ತರವನ್ನು ಒಂದು ಸಾಲಿನ ಇಮೇಲ್‌ನಲ್ಲಿ ಹಾಕಿಸಿಕೊಂಡಿದ್ದರೆ ಈಗ ಹಿಡಿದು ಮಾತಾಡಲು ಏನಾದರೂ ಇರುತ್ತಿತ್ತು. ಅದಿಲ್ಲ. ಹಾಗಾಗಿ ಕೂತು ಎಚ್‌ಆರ್‌ಗೆ ಒಂದು ಮೇಲ್ ಬರೆದೆವು. ತಿಂಗಳಿಗೆ 90,000 ಬಿಲ್ ಕಟ್ಟುತ್ತಿದ್ದ ಕಂಪನಿಗೆ ಇನ್ನು 72,000 ಮಾತ್ರ ಖರ್ಚು ಅನ್ನುವುದನ್ನು ಅದರಲ್ಲಿ ಬರೆಯಲಿಲ್ಲ. ಬಿಲ್ಲಿನ ಮೊತ್ತ ಕಾಂಟ್ರಾಕ್ಟ್ ಹುಡುಗನಿಗೆ ಗೊತ್ತಿರಬಾರದು, ಮೇಲಾಗಿ ಆ 90,000 ನನ್ನ ಊಹೆ. ಕೈಗೆ ಬರುವ ಸಂಬಳ ಹಿಂದಿನಷ್ಟೇ ಇರಲಿ, ವೇರಿಯಬಲ್ ಅದರ ಮೇಲೆ ಇರಲಿ ಅಂತಷ್ಟೇ ಕೇಳಿದೆವು. ನಾಲ್ಕು ದಿನದ ಮೇಲೆ 9.2 ಲಕ್ಷದ ಹೊಸ ಲೆಟರ್ ಬಂತು. ಆದರೂ ಕೈಗೆ ಬರುವುದು ಹಳೆಯದಕ್ಕಿಂತ ಸುಮಾರು ಐದು ಸಾವಿರ ಕಡಿಮೆಯೇ. ಸಹಿ ಹಾಕಿದ.