ಪಂಢರಪುರದ ವಾರಿ: ಕಾಲ್ನಡಿಗೆಯಲ್ಲಿ ವಾರಕರಿ ಬಯಸುವುದೇನು?

ತೀರ್ಥಯಾತ್ರೆಯ ಫಲದ ಬಗ್ಗೆ ನಮ್ಮ ಹಳೆಯ ಗ್ರಂಥಗಳು ಹೇಳುವ ಮಾತು ಸಾಕಷ್ಟು ಲೌಕಿಕವಾಗಿಯೇ ಇದೆ. ಯಜ್ಞ ಮಾಡಲು ಹಣ, ಸಾಮಗ್ರಿ, ಋತ್ವಿಜರು ಬೇಕು, ಅದು ರಾಜರಿಗೂ ಸಿರಿವಂತರಿಗೂ ಆಗುವ ಕೆಲಸ, ಬಡವನಿಗೆ ಅದೇ ಪುಣ್ಯವನ್ನೋ ಅದಕ್ಕೂ ಹೆಚ್ಚಿನದನ್ನೋ ಕೊಡುವುದು ತೀರ್ಥಯಾತ್ರೆ ಎಂದು ಮಹಾಭಾರತದ ವನಪರ್ವ ವಿವರಿಸುತ್ತದೆ. ಆದರೆ ಕೈ, ಕಾಲು, ಮನಸ್ಸುಗಳನ್ನು ಹತೋಟಿಯಲ್ಲಿ ಇಟ್ಟುಕೊಂಡವನಿಗೆ ಮಾತ್ರ ಆ ಫಲ ಎಂಬ ಷರತ್ತನ್ನೂ ಅದು ಜೊತೆಗೇ ಹಾಕುತ್ತದೆ. ವಾಹನವೇರಿ ಹೋದರೆ ಫಲ ಕುಂದುತ್ತದೆ ಎನ್ನುವ ಧರ್ಮಶಾಸ್ತ್ರಕಾರರೂ ಇದ್ದಾರೆ. ಜನಸಾಮಾನ್ಯರ ನಡುವೆ ಇದರ ಜೊತೆಗೆ ಹರಕೆಯೂ ಸೇರಿಕೊಂಡಿತು. ಮಗುವಿನ ಕಾಯಿಲೆ ವಾಸಿಯಾದರೆ, ಮಗಳ ಮದುವೆ ಕೂಡಿಬಂದರೆ ನಡೆದು ಬರುತ್ತೇನೆ ಎಂದು ಹೊತ್ತ ಹರಕೆಯನ್ನು ತೀರಿಸಲು ಶ್ರೀಶೈಲಕ್ಕೂ ಧರ್ಮಸ್ಥಳಕ್ಕೂ ಹೋಗುವವರು ಇಂದಿಗೂ ಇದ್ದಾರೆ. ಈ ಎರಡು ಲೆಕ್ಕಾಚಾರಗಳಿಗೂ ಪೂರ್ತಿಯಾಗಿ ಒಗ್ಗದ ಒಂದು ಕಾಲ್ನಡಿಗೆ ಎಂದರೆ ಪಂಢರಪುರದ ವಾರಿ, ಅಂದರೆ ವಾರಕರಿ ಎನಿಸಿಕೊಂಡ ಭಕ್ತರು ವಿಠ್ಠಲನ ಗುಡಿಗೆ ವರ್ಷವರ್ಷವೂ ನಡೆದು ಹೋಗುವ ಯಾತ್ರೆ.

ಪಂಢರಪುರ ಇಂದು ಮಹಾರಾಷ್ಟ್ರದ ಸೋಲಾಪುರ ಜಿಲ್ಲೆಯಲ್ಲಿ, ಭೀಮಾ ನದಿಯ ದಡದಲ್ಲಿದೆ. ನದಿ ಅಲ್ಲಿ ಅರ್ಧಚಂದ್ರಾಕಾರದಲ್ಲಿ ತಿರುಗುವುದರಿಂದ ಚಂದ್ರಭಾಗಾ ಎನಿಸಿಕೊಂಡಿದೆ. ಹೊಯ್ಸಳ ಸೋಮೇಶ್ವರನ ಕಾಲದ 1237ರ ಶಾಸನವೊಂದು ಅಲ್ಲಿನ ವಿಠ್ಠಲನಿಗೆ ಕೊಟ್ಟ ದತ್ತಿಯನ್ನು ದಾಖಲಿಸುತ್ತದೆ, ಸಂತ ಜ್ಞಾನೇಶ್ವರರೂ ಆ ದೇವರನ್ನು ಕಾನಡಾ ಎಂದು, ಕರ್ನಾಟಕದವನೆಂದು ಹಾಡಿದ್ದಾರೆ. ಸ್ಥಳಪುರಾಣದ ಪ್ರಕಾರ ಪುಂಡಲೀಕನು ತಂದೆ ತಾಯಿಯ ಸೇವೆಯಲ್ಲಿ ತೊಡಗಿದ್ದಾಗ ದೇವರೇ ಅವನ ಬಾಗಿಲಿಗೆ ಬಂದ. ಪುಂಡಲೀಕ ಸೇವೆ ಬಿಟ್ಟು ಏಳಲಿಲ್ಲ. ಒಂದು ಇಟ್ಟಿಗೆಯನ್ನು ಎಸೆದು, ಅದರ ಮೇಲೆ ನಿಂತು ಕಾಯಲು ಹೇಳಿದ. ಸೊಂಟದ ಮೇಲೆ ಕೈಯಿಟ್ಟು ವಿಠ್ಠಲ ಇನ್ನೂ ಅಲ್ಲೇ ನಿಂತಿದ್ದಾನೆ ಎಂಬುದು ನಂಬಿಕೆ. ದೇವರು ಆಗಲೇ ಬಂದು ಕಾಯುತ್ತಿರುವಾಗ ಅವನನ್ನು ಒಲಿಸಿಕೊಳ್ಳುವ ಪ್ರಶ್ನೆ ಉಳಿಯುವುದಿಲ್ಲ, ಹೋಗಿ ಭೇಟಿಯಾಗುವುದಷ್ಟೇ ಉಳಿಯುತ್ತದೆ. ವಾರಿಯ ತರ್ಕವೆಲ್ಲ ಈ ಕಥೆಯಲ್ಲೇ ಇದೆ ಎಂದು ನನಗೆ ಅನ್ನಿಸುತ್ತದೆ.

ಇಂದು ಕಾಣುವ ಪಲ್ಲಕ್ಕಿಯ ಮೆರವಣಿಗೆ ಮಾತ್ರ ಅಷ್ಟು ಹಳೆಯದಲ್ಲ. ಸಂತರ ಕಾಲದಲ್ಲಿ ಜನ ತಮ್ಮ ತಮ್ಮ ಊರುಗಳಿಂದ ಗುಂಪುಗುಂಪಾಗಿ ನಡೆದು ಹೋಗುತ್ತಿದ್ದರು. ತುಕಾರಾಮರ ಮಗ ನಾರಾಯಣ ಮಹಾರಾಜರು 1685ರಲ್ಲಿ ತಂದೆಯ ಪಾದುಕೆಗಳನ್ನು ಪಲ್ಲಕ್ಕಿಯಲ್ಲಿಟ್ಟು, ತಮ್ಮ ಊರಾದ ದೇಹುವಿನಿಂದ ಜ್ಞಾನೇಶ್ವರರ ಸಮಾಧಿಯಿರುವ ಆಳಂದಿಗೆ ಹೋಗಿ, ಅಲ್ಲಿಂದ ಜ್ಞಾನೇಶ್ವರರ ಪಾದುಕೆಗಳನ್ನೂ ಜೊತೆಗೆ ಕರೆದೊಯ್ಯುವ ಪದ್ಧತಿಯನ್ನು ಆರಂಭಿಸಿದರೆಂದು ಪರಂಪರೆ ಹೇಳುತ್ತದೆ. ಮುಂದೆ ಮನೆತನದೊಳಗೆ ಹಕ್ಕಿನ ಜಗಳಗಳು ಹುಟ್ಟಿಕೊಂಡವು. 19ನೇ ಶತಮಾನದ ಮೊದಲ ದಶಕಗಳಲ್ಲಿ, ಗ್ವಾಲಿಯರ್‌ನ ಶಿಂದೆ ಸಂಸ್ಥಾನದ ಸೇವೆಯಲ್ಲಿದ್ದ ಹೈಬತಬಾಬಾ ಆರಫಳಕರ್ ಅವರು ಜ್ಞಾನೇಶ್ವರರ ಪಲ್ಲಕ್ಕಿಯನ್ನು ಪ್ರತ್ಯೇಕವಾಗಿ ಹೊರಡಿಸಿದರು. ದರ್ಬಾರನ್ನು ಬಲ್ಲ ಅವರು ಅದಕ್ಕೆ ದಂಡಿನ ಶಿಸ್ತನ್ನು ಕೊಟ್ಟರು. ಕುದುರೆ, ದಂಡ ಹಿಡಿದು ಶಿಸ್ತು ನೋಡಿಕೊಳ್ಳುವ ಚೋಪದಾರ, ದಿಂಡಿ ಎಂಬ ಕ್ರಮಸಂಖ್ಯೆಯ ಭಜನಾ ತಂಡಗಳು, ನಿಗದಿತ ತಂಗುದಾಣಗಳು ಎಲ್ಲವೂ ಆ ಕಾಲದ ಕೊಡುಗೆ. ಕುದುರೆಗಳು ಇಂದಿಗೂ ಬರುವುದು ಬೆಳಗಾವಿ ಜಿಲ್ಲೆಯ ಅಂಕಲಿಯಿಂದ. ಅಲ್ಲಿನ ಶಿತೋಳೆ ಮನೆತನದ ಈ ಕುದುರೆಗಳು ಆಳಂದಿಯವರೆಗೂ ನಡೆದೇ ಹೋಗುತ್ತವೆ. ಪಂಢರಪುರದ ದಾರಿ ಶುರುವಾಗುವ ಮೊದಲೇ ಅವು ಒಂದು ವಾರಿಯನ್ನು ಮುಗಿಸಿರುತ್ತವೆ ಎನ್ನಬಹುದು.

ಆಳಂದಿಯ ಪಲ್ಲಕ್ಕಿ ಜ್ಯೇಷ್ಠ ಬಹುಳ ಅಷ್ಟಮಿಯಂದು ಹೊರಡುತ್ತದೆ. ಪುಣೆ, ಸಾಸವಡ, ಜೇಜುರಿ, ಲೋಣಂದ, ಫಲಟಣ, ಮಾಳಶಿರಸಗಳನ್ನು ದಾಟಿ, ಸುಮಾರು 250 ಕಿಲೋಮೀಟರ್ ನಡೆದು, ಆಷಾಢ ಶುದ್ಧ ದಶಮಿಗೆ ಪಂಢರಪುರ ಸೇರುತ್ತದೆ. ಮೃಗಶಿರಾ ಮಳೆಗೆ ಬಿತ್ತನೆ ಮುಗಿಸಿ ರೈತ ಹೊರಡಬೇಕಾದ ಕಾಲವಿದು. ಮಳೆ ತಡವಾದ ವರ್ಷ ಹೊಲವೋ ವಾರಿಯೋ ಎಂಬ ಇಕ್ಕಟ್ಟು ಎದುರಾಗುತ್ತದೆ, ಮನೆಯ ಒಬ್ಬರು ಹಿಂದೆ ಉಳಿಯುತ್ತಾರೆ. ಹೊರಟವರು ತಮ್ಮ ದಿಂಡಿಯಲ್ಲಿಯೇ ನಡೆಯಬೇಕು. ಪ್ರತಿ ದಿಂಡಿಯಲ್ಲೂ ಪತಾಕೆ ಹಿಡಿದವರು ಮುಂದೆ, ತಾಳ ಮೃದಂಗದವರು ಅವರ ಹಿಂದೆ, ನಡುವೆ ಒಬ್ಬ ವೀಣೆಯವನು, ತಲೆಯ ಮೇಲೆ ತುಳಸಿಕಟ್ಟೆ ಹೊತ್ತ ಹೆಂಗಸರು ಇರುತ್ತಾರೆ. ವೀಣೆಯನ್ನು ನೆಲಕ್ಕೆ ಇಡುವಂತಿಲ್ಲ, ಒಬ್ಬರ ಕೊರಳಿನಿಂದ ಇನ್ನೊಬ್ಬರ ಕೊರಳಿಗೆ ಅದು ದಾಟುತ್ತದೆ.

ಸಂಜೆಯ ಸಮಾಜ ಆರತಿಯ ಹೊತ್ತಿನ ಒಂದು ಕ್ರಮ ಈ ವ್ಯವಸ್ಥೆಯನ್ನು ಚೆನ್ನಾಗಿ ತೋರಿಸುತ್ತದೆ. ಬಿಡಾರ ಹಾಕಿದ ಬಯಲಿನಲ್ಲಿ ದಿಂಡಿಗಳೆಲ್ಲ ಪಲ್ಲಕ್ಕಿಯ ಸುತ್ತ ನಿಂತು ಭಜಿಸುತ್ತಿರುವಾಗ ಚೋಪದಾರ ತನ್ನ ಬೆಳ್ಳಿಯ ದಂಡವನ್ನು ಮೇಲೆತ್ತುತ್ತಾನೆ. ಸಾವಿರಾರು ತಾಳಗಳು ಒಮ್ಮೆಲೇ ನಿಲ್ಲುತ್ತವೆ. ಯಾವುದಾದರೂ ದಿಂಡಿ ತಾಳ ಕುಟ್ಟುತ್ತಲೇ ಇದ್ದರೆ ಅದಕ್ಕೊಂದು ದೂರಿದೆ ಎಂದರ್ಥ. ನೀರು ಸಿಗಲಿಲ್ಲ, ಸಾಲಿನಲ್ಲಿ ಬೇರೆಯವರು ನುಗ್ಗಿದರು, ಯಾರೋ ಕಾಣೆಯಾಗಿದ್ದಾರೆ, ಹೀಗೆ ಏನಾದರೂ ಇರಬಹುದು. ಚೋಪದಾರ ಅಲ್ಲಿಗೆ ಹೋಗಿ ವಿಚಾರಿಸುತ್ತಾನೆ, ಆಮೇಲೆಯೇ ಆರತಿ.

ಹೀಗೆ ನಡೆದವರು ಬೇಡುವುದೇನು? ವಾರಿ ಹರಕೆಯಲ್ಲ, ನೇಮ. ಕೊರಳಿಗೆ ತುಳಸಿಮಾಲೆ ಹಾಕಿಕೊಂಡವನು ಮಾಂಸಾಹಾರ ಬಿಡಬೇಕು, ಏಕಾದಶಿಯ ಉಪವಾಸ ಹಿಡಿಯಬೇಕು, ಆಷಾಢ ಮತ್ತು ಕಾರ್ತಿಕದಲ್ಲಿ ಪಂಢರಪುರಕ್ಕೆ ಹೋಗಬೇಕು. ಹರಕೆ ತೀರಿದ ಮೇಲೆ ಭಕ್ತನಿಗೆ ಬಿಡುಗಡೆಯಿದೆ, ವಾರಕರಿಗೆ ಇಲ್ಲ. ಅವನ ಪ್ರಾರ್ಥನೆಯೂ ವಾರಿ ತಪ್ಪಿಸಬೇಡ ಎಂಬುದೇ ಆಗಿರುತ್ತದೆ, ಅಂದರೆ ಅವನು ಬೇಡುವ ಫಲ ಮುಂದಿನ ವರ್ಷದ ನಡಿಗೆ. ಒಳ್ಳೆಯ ಮಳೆಯನ್ನೂ ಮಕ್ಕಳ ನೌಕರಿಯನ್ನೂ ಮನಸ್ಸಿನಲ್ಲಿಟ್ಟುಕೊಂಡು ಬರುವವರಿಲ್ಲವೆಂದಲ್ಲ, ಇದ್ದೇ ಇದ್ದಾರೆ. ಆದರೆ ಕೇಳಿದ್ದು ಸಿಗದಿದ್ದರೆ ವಾರಿ ಬಿಡುವ ಮಾತು ಸಂಪ್ರದಾಯದಲ್ಲಿಲ್ಲ. ದರ್ಶನದ ವಿಷಯದಲ್ಲೂ ಹೀಗೆಯೇ. ಏಕಾದಶಿಯಂದು ವಿಠ್ಠಲನ ಪಾದ ಮುಟ್ಟುವ ಸಾಲಿನಲ್ಲಿ ಒಂದು ದಿನವನ್ನೂ ಮೀರಿ ನಿಲ್ಲಬೇಕಾಗಬಹುದು. ಅದು ಆಗದವರು ಚಂದ್ರಭಾಗೆಯಲ್ಲಿ ಮಿಂದು, ದೂರದಿಂದ ಗುಡಿಯ ಕಳಸಕ್ಕೆ ಕೈಮುಗಿದು, ಮಹಾದ್ವಾರದ ನಾಮದೇವ ಪಾಯರಿಗೆ, ಅಂದರೆ ಸಂತ ನಾಮದೇವರ ಹೆಸರಿನ ಮೆಟ್ಟಿಲಿಗೆ ತಲೆಯಿಟ್ಟು ಹಿಂದಿರುಗುತ್ತಾರೆ. ತಮ್ಮ ವಾರಿ ಅರ್ಧವಾಯಿತೆಂದು ಅವರು ತಿಳಿಯುವುದಿಲ್ಲ.

ದಾರಿಯಲ್ಲಿ ಎಲ್ಲರೂ ಪರಸ್ಪರ ಮಾವುಲಿ, ಅಂದರೆ ತಾಯಿ, ಎಂದು ಕರೆದು ಕಾಲು ಮುಟ್ಟಿ ನಮಸ್ಕರಿಸುತ್ತಾರೆ. ವಯಸ್ಸು, ಜಾತಿ ನೋಡದೆ ಸಿಗುವ ಈ ಗೌರವವೇ ವಾರಿಯ ದೊಡ್ಡ ಗಳಿಕೆ ಎಂದು ಹೇಳುವವರು ಬಹಳ. ಇದನ್ನು ಒಪ್ಪುವಾಗ ಸ್ವಲ್ಪ ಎಚ್ಚರ ಬೇಕು. ನಾಮದೇವ ಪಾಯರಿಯ ಎದುರಿಗೇ ಸಂತ ಚೋಖಾಮೇಳರ ಸಮಾಧಿಯಿದೆ. 14ನೇ ಶತಮಾನದ ಈ ಮಹಾರ್ ಸಂತ ಜೀವಮಾನವಿಡೀ ವಿಠ್ಠಲನನ್ನು ಹಾಡಿದರೂ ಅವರಿಗೆ ಗುಡಿಯೊಳಗೆ ಪ್ರವೇಶವಿರಲಿಲ್ಲ. ಅವರ ಜನ ಮುಂದೆ ಶತಮಾನಗಳ ಕಾಲ ವಾರಿಯಲ್ಲಿ ನಡೆದು, ಬಾಗಿಲ ಹೊರಗಿನಿಂದಲೇ ಮರಳಿದರು. 1947ರಲ್ಲಿ ಮರಾಠಿ ಲೇಖಕ, ಸಮಾಜ ಸುಧಾರಕ ಸಾನೆ ಗುರೂಜಿಯವರು ಉಪವಾಸ ಕೂತ ಮೇಲೆ ದಲಿತರಿಗೆ ಗುಡಿ ತೆರೆಯಿತು. ಸುಮಾರು ಅದೇ ಕಾಲದಲ್ಲಿ ಪಲ್ಲಕ್ಕಿಯೊಂದಿಗೆ ನಡೆದ ಮಾನವಶಾಸ್ತ್ರಜ್ಞೆ ಇರಾವತಿ ಕರ್ವೆಯವರು, ಒಂದೇ ದಿಂಡಿಯಲ್ಲಿ ಜೊತೆಯಾಗಿ ಹಾಡುತ್ತ ಬಂದ ಬ್ರಾಹ್ಮಣರೂ ಮರಾಠರೂ ಊಟದ ಹೊತ್ತಿಗೆ ಬೇರೆ ಬೇರೆ ಅಡುಗೆ ಮಾಡಿ ಬೇರೆ ಬೇರೆ ಉಣ್ಣುತ್ತಿದ್ದುದನ್ನು ನೋವಿನಿಂದ ದಾಖಲಿಸಿದ್ದಾರೆ.