ಓಟದಲ್ಲಿ ಎಲ್ಲರಿಗಿಂತ ಮುಂದೆ, ಚೆಕ್‌ಲಿಸ್ಟ್‌ನಲ್ಲಿ ಮಾತ್ರ ಎರಡೇ ಟಿಕ್: ಯಾಕೆ?

ಓದುಗರ ಪ್ರಶ್ನೆ: ನನ್ನ ಮಗಳಿಗೆ ನಾಲ್ಕೂವರೆ ವರ್ಷ. ತನ್ನ ವಯಸ್ಸಿನ ಮಕ್ಕಳಲ್ಲಿ ಎಲ್ಲರಿಗಿಂತ ಜೋರಾಗಿ ಓಡ್ತಾಳೆ. ಆದರೆ ಶಾಲೆಯಿಂದ ಬಂದ ಚಲನ ಕೌಶಲಗಳ ಚೆಕ್‌ಲಿಸ್ಟ್‌ನಲ್ಲಿ ಓಟದ ನಾಲ್ಕು ಅಂಶಗಳಲ್ಲಿ ಎರಡಕ್ಕೆ ಮಾತ್ರ ಟಿಕ್ ಬಿದ್ದಿದೆ. ‘ಕೈ ಕಾಲು ವಿರುದ್ಧ ದಿಕ್ಕಿನಲ್ಲಿ’, ‘ಹಿಮ್ಮಡಿ ಹಿಂದಕ್ಕೆ ಮೇಲೇಳುವುದು’, ಇವೆರಡರ ಮುಂದೆ ತಪ್ಪು ಗುರುತು. ಟೀಚರ್ ಸರಿಯಾಗಿ ನೋಡಿಲ್ಲವೋ, ಅಥವಾ ನಾವು ಗಮನಿಸದ ಏನಾದರೂ ತೊಂದರೆ ಇದೆಯೋ?

ಉತ್ತರ: ಎರಡೂ ಇರಲಿಕ್ಕಿಲ್ಲ. ನೀವು ನೋಡಿದ್ದು ಅವಳು ಎಷ್ಟು ಬೇಗ ಮುಟ್ಟಿದಳು ಅನ್ನುವುದನ್ನು. ಹಾಳೆ ಕೇಳಿದ್ದು ಹೇಗೆ ಓಡಿದಳು ಅಂತ. ಕಾಲು ಚುರುಕಾಗಿದ್ದು, ಸ್ವಲ್ಪ ಧೈರ್ಯವೂ ಇರುವ ಮಗು ಕೈಗಳನ್ನು ಹೇಗೆ ಬೀಸಿದರೂ ಜೊತೆಯವರನ್ನು ಹಿಂದೆ ಹಾಕಬಹುದು. ಟೀಚರ್ ಬಳಿ ಸ್ಟಾಪ್‌ವಾಚ್ ಇದ್ದಿದ್ದರೆ ನಿಮ್ಮ ಮಗಳಿಗೇ ಮೊದಲ ಸ್ಥಾನ. ಆದರೆ ಅವರ ಕೈಯಲ್ಲಿದ್ದದ್ದು ಬೇರೆ ಸಾಧನ.

ಈ ಬಗೆಯ ಹಾಳೆಗಳಲ್ಲಿ ಹೆಚ್ಚು ಹೆಸರಾಗಿರುವುದು ಡೇಲ್ ಉಲ್ರಿಕ್ ರೂಪಿಸಿ 1985ರಲ್ಲಿ ಹೊರಬಂದ ‘ಟೆಸ್ಟ್ ಆಫ್ ಗ್ರಾಸ್ ಮೋಟಾರ್ ಡೆವಲಪ್‌ಮೆಂಟ್’, ಚಿಕ್ಕದಾಗಿ ಟಿಜಿಎಂಡಿ ಎಂದು ಕರೆಯುವ ಪರೀಕ್ಷೆ. ಅದು ಮೂರರಿಂದ ಹತ್ತು ವರ್ಷದ ಮಕ್ಕಳಿಗಾಗಿ ಮಾಡಿದ್ದು. ನಿಮ್ಮ ಆತಂಕಕ್ಕೆ ಅರ್ಧ ಉತ್ತರ ಈ ವಯಸ್ಸಿನ ಹರವಿನಲ್ಲೇ ಇದೆ. ಹಾಳೆಯಲ್ಲಿ ಬರೆದಿರುವುದು ಪೂರ್ತಿ ಪಳಗಿದ ಓಟದ ಲಕ್ಷಣಗಳು. ನಾಲ್ಕೂವರೆ ವರ್ಷಕ್ಕೆ ಅವೆಲ್ಲವೂ ಕೂಡಿಬಂದಿರಬೇಕು ಅಂತ ಯಾರೂ ನಿರೀಕ್ಷಿಸುವುದಿಲ್ಲ. ಖಾಲಿ ಉಳಿದ ಚೌಕದ ಅರ್ಥ ‘ಇನ್ನೂ ಬಂದಿಲ್ಲ’ ಅಂತಷ್ಟೇ. ಅಲ್ಲಿ ತಪ್ಪು ಗುರುತು ಹಾಕುವ ಅಭ್ಯಾಸ ನನಗಂತೂ ಹಿಡಿಸುವುದಿಲ್ಲ. ಅದನ್ನು ನೋಡಿದ ಯಾವ ತಾಯಿಗಾದರೂ ಫೇಲಾದ ಪರೀಕ್ಷೆ ನೆನಪಾಗುತ್ತದೆ.

ಈಗ ಆ ನಾಲ್ಕು ಅಂಶಗಳನ್ನು ನೀವೇ ನೋಡಿ. ಹದಿನೈದು ಮೀಟರ್ ಓಡುವಷ್ಟು ಜಾಗ, ಅದರಾಚೆ ನಿಲ್ಲಲು ಇನ್ನೊಂದು ಮೂರು ಮೀಟರ್ ಬೇಕು. ಜಾಗ ಇದಕ್ಕಿಂತ ಚಿಕ್ಕದಾದರೆ ಮಗು ವೇಗ ಹಿಡಿಯುವ ಮೊದಲೇ ನಿಲ್ಲುವ ತಯಾರಿ ಮಾಡುತ್ತದೆ, ನೀವು ನೋಡಿದ್ದು ಓಟವಾಗದೆ ಬ್ರೇಕ್ ಹಾಕುವುದಾಗುತ್ತದೆ. ನೀವೇ ಒಮ್ಮೆ ಓಡಿ ತೋರಿಸಿ, ಅವಳು ಒಂದು ಸಲ ಸುಮ್ಮನೆ ಓಡಿ ನೋಡಲಿ, ಆಮೇಲೆ ಎರಡು ಸಲ ‘ಎಷ್ಟು ಜೋರಾಗಿ ಆಗುತ್ತೋ ಅಷ್ಟು’ ಓಡಿಸಿ. ‘ಕೈ ಬೀಸು, ಕಾಲು ಎತ್ತು’ ಅಂತ ಮಾತ್ರ ಹೇಳಬೇಡಿ. ಹೇಳಿದ ಕ್ಷಣ ನೀವು ಅವಳ ಓಟವನ್ನಲ್ಲ, ಅವಳು ನಿಮ್ಮ ಮಾತು ಕೇಳುವುದನ್ನು ಗಮನಿಸುತ್ತಿರುತ್ತೀರಿ.

ಎಲ್ಲಿ ನಿಂತು ನೋಡುತ್ತೀರಿ ಅನ್ನುವುದರ ಮೇಲೆ ಕಾಣುವುದು ಬದಲಾಗುತ್ತದೆ. ಓಟದ ಗುರಿಯಲ್ಲಿ, ಅಂದರೆ ಎದುರಿಗೆ, ಕೈ ಚಾಚಿ ನಿಲ್ಲುವುದು ಎಲ್ಲ ಅಪ್ಪ ಅಮ್ಮಂದಿರ ಅಭ್ಯಾಸ. ಅಲ್ಲಿಂದ ನಿಮಗೆ ಸಿಗುವುದು ಅಡ್ಡಕ್ಕೆ ಆಗುವ ಸಂಗತಿಗಳಷ್ಟೇ: ಕೈ ಎದೆಯ ಮುಂದೆ ಅಡ್ಡಡ್ಡ ಹೋಗುತ್ತಿದೆಯೋ, ಹಿಂದೆ ಮುಂದೆ ಆಡುತ್ತಿದೆಯೋ, ಮೈ ಹೊರಳುತ್ತಿದೆಯೋ, ಎರಡು ಪಾದಗಳ ನಡುವೆ ಎಷ್ಟು ಅಗಲವಿದೆ ಅನ್ನುವುದು. ಉಳಿದದ್ದಕ್ಕೆಲ್ಲ ಪಕ್ಕದಲ್ಲಿ, ಓಟದ ನಡುಭಾಗದ ನೇರಕ್ಕೆ ನಿಲ್ಲಬೇಕು. ಒಂದು ಓಟದಲ್ಲಿ ಒಂದೇ ಅಂಶ ನೋಡಿ. ನಾಲ್ಕನ್ನೂ ಒಟ್ಟಿಗೆ ನೋಡಲು ಹೊರಟರೆ ಮುಖದ ನಗು ಬಿಟ್ಟು ಬೇರೇನೂ ನೆನಪಿನಲ್ಲಿ ಉಳಿಯುವುದಿಲ್ಲ. ಪಕ್ಕದಿಂದ ಫೋನ್‌ನಲ್ಲಿ ಸ್ಲೋ ಮೋಷನ್ ವಿಡಿಯೊ ತೆಗೆದುಕೊಂಡರೆ ಇನ್ನೂ ಸುಲಭ.

ಆ ವಿಡಿಯೊದಲ್ಲಿ ಮೊದಲು ಹುಡುಕಬೇಕಾದದ್ದು ಎರಡೂ ಪಾದ ನೆಲ ಬಿಟ್ಟ ಗಳಿಗೆ. ಅದು ಕಣ್ಣು ಮಿಟುಕಿಸುವಷ್ಟು ಚಿಕ್ಕದು. ಆದರೆ ಅದಿಲ್ಲದಿದ್ದರೆ ಅದು ಓಟವಲ್ಲ, ಬಿರುಸಿನ ನಡಿಗೆ. ಪಾದ ನೆಲ ಮುಟ್ಟುವ ರೀತಿಯನ್ನು ನೋಡುವುದಕ್ಕಿಂತ ಕೇಳುವುದೇ ಸುಲಭ. ಅಂಗಾಲು ಪೂರ್ತಿ ಒಮ್ಮೆಲೇ ಬಿದ್ದರೆ ಪಟ್ ಪಟ್ ಎಂಬ ಸದ್ದು ಬರುತ್ತದೆ. ಹಿಮ್ಮಡಿಯೋ ಮುಂಗಾಲೋ ಮೊದಲು ತಾಗಿದರೆ ಸದ್ದು ಮೆತ್ತಗಿರುತ್ತದೆ. ಎಡ ಬಲ ಪಾದಗಳ ನಡುವೆ ಅಡ್ಡಕ್ಕೆ ಹೆಚ್ಚು ಅಂತರವೂ ಇರಬಾರದು. ಹೊಸದಾಗಿ ನಡೆಯಲು ಕಲಿತ ಕೂಸು ಬೀಳುವ ಭಯಕ್ಕೆ ಕಾಲು ಅಗಲಿಸಿ ಇಡುತ್ತದಲ್ಲ, ಅದರ ಉಳಿಕೆ ಕೆಲವು ಮಕ್ಕಳ ಓಟದಲ್ಲಿ ನಾಲ್ಕು ವರ್ಷದವರೆಗೂ ಇರುತ್ತದೆ. ನಿಮ್ಮ ಮಗಳಿಗೆ ಈ ಎರಡೂ ಟಿಕ್ ಸಿಕ್ಕಿವೆ, ಅಂದರೆ ತಳಪಾಯ ಬಂದಿದೆ.

ಸಿಗದ ಎರಡರಲ್ಲಿ ಮೊದಲನೆಯದು ಕೈಗಳದ್ದು. ಬಲಗಾಲು ಮುಂದೆ ಹೋದಾಗ ನಡು ಎಡಕ್ಕೆ ತಿರುಗಲು ನೋಡುತ್ತದೆ. ಎಡಗೈ ಅದೇ ಹೊತ್ತಿಗೆ ಮುಂದೆ ಬಂದರೆ ಆ ತಿರುಗುವಿಕೆಗೆ ತಡೆ ಸಿಗುತ್ತದೆ, ದೇಹ ನೇರಕ್ಕೆ ಸಾಗುತ್ತದೆ. ಕೈ ಈ ಕೆಲಸ ಮಾಡದಿದ್ದರೆ ಭುಜಗಳು ಮಾಡುತ್ತವೆ. ಎದುರಿನಿಂದ ನೋಡಿದಾಗ ಮಗು ಎಡಕ್ಕೆ ಬಲಕ್ಕೆ ಹೊರಳುತ್ತಾ ಬಂದಂತೆ ಕಾಣುವುದು ಅದಕ್ಕೇ. ಮೊಣಕೈ ಮಡಿಸಿರಬೇಕು ಅನ್ನುವುದೂ ಇದೇ ಅಂಶದ ಭಾಗ: ನೀಳವಾಗಿ ಚಾಚಿದ ಕೈಯನ್ನು ಬೇಗ ಬೇಗ ಆಡಿಸಲು ಆಗುವುದಿಲ್ಲ. ಎರಡನೆಯದಾದ ಹಿಮ್ಮಡಿಯದ್ದೂ ಇದೇ ಲೆಕ್ಕ. ಹಿಂದಿನ ಕಾಲು ಮಂಡಿಯಲ್ಲಿ ಸುಮಾರು ತೊಂಬತ್ತು ಡಿಗ್ರಿ ಮಡಿದು ಹಿಮ್ಮಡಿ ಕುಂಡೆಯ ಹತ್ತಿರ ಬಂದರೆ ಕಾಲು ಗಿಡ್ಡವಾದಂತಾಗಿ ಬೇಗ ಮುಂದಕ್ಕೆ ಬರುತ್ತದೆ. ನಿಮ್ಮ ಮಗಳು ಈಗ ಗೆಲ್ಲುತ್ತಿರುವುದು ಬಹುಶಃ ಚಿಕ್ಕ ಹೆಜ್ಜೆಗಳನ್ನು ಬೇಗ ಬೇಗ ಹಾಕುವುದರಿಂದ. ಹಾಗೆ ಓಡುವ ಮಕ್ಕಳು ಈ ವಯಸ್ಸಿನಲ್ಲಿ ಬೇಕಾದಷ್ಟು.

ಎರಡು ಓಟದಲ್ಲೂ ಕಂಡರೆ ಟಿಕ್, ಒಂದರಲ್ಲಿ ಮಾತ್ರ ಕಂಡರೆ ಅರ್ಧ ಟಿಕ್, ಮನೆಯ ಮಟ್ಟಿಗೆ ಇಷ್ಟು ನಿಯಮ ಸಾಕು.

ಅಂಕಿಗಿಂತ ರೀತಿ ಹೇಗೆ ಹೆಚ್ಚು ಹೇಳುತ್ತದೆ ಅನ್ನುವುದು ಜಿಗಿತದಲ್ಲಿ ಇನ್ನೂ ಚೆನ್ನಾಗಿ ಕಾಣುತ್ತದೆ. ನಾನು ನೋಡಿದ ಐದು ವರ್ಷದ ಒಬ್ಬ ಹುಡುಗ ನಿಂತಲ್ಲಿಂದ ಮುಂದಕ್ಕೆ ಜಿಗಿದಾಗ ಸಾಕಷ್ಟು ದೂರವೇ ಹೋಗುತ್ತಿದ್ದ. ಮನೆಯವರು ನೆಲದ ಮೇಲೆ ಗೆರೆ ಎಳೆದು ಅಳೆದೂ ಇಟ್ಟಿದ್ದರು. ಹಾಳೆಯಲ್ಲಿ ಮಾತ್ರ ಒಂದೇ ಟಿಕ್. ಹಾಳೆ ಕೇಳುವುದು ಇದು: ಜಿಗಿಯುವ ಮುಂಚೆ ಮಂಡಿ ಮಡಿದು ಕೈಗಳು ಬೆನ್ನ ಹಿಂದಕ್ಕೆ ಹೋಗಬೇಕು, ಏಳುವಾಗ ಕೈಗಳು ರಭಸದಿಂದ ಮುಂದೆ ಮೇಲಕ್ಕೆ ತಲೆಗಿಂತ ಎತ್ತರಕ್ಕೆ ಬರಬೇಕು, ಎರಡೂ ಪಾದ ಒಟ್ಟಿಗೆ ಎದ್ದು ಒಟ್ಟಿಗೆ ಇಳಿಯಬೇಕು, ಇಳಿಯುವಾಗ ಕೈಗಳು ಕೆಳಕ್ಕೆ ಬರಬೇಕು.

ಅವನ ಎಡಗಾಲಿಗೆ ಕೆಂಪು ಕಾಲುಚೀಲ, ಬಲಗಾಲಿಗೆ ಬಿಳಿಯದು ಹಾಕಿಸಿ (ಜಾರದ ನೆಲ ನೋಡಿಕೊಂಡು) ಪಕ್ಕದಿಂದ ವಿಡಿಯೊ ತೆಗೆದೆವು. ನಿಧಾನಗತಿಯಲ್ಲಿ ನೋಡಿದರೆ ಪ್ರತಿ ಸಲವೂ ಕೆಂಪು ಪಾದ ಮೊದಲು ಎದ್ದು ಮೊದಲು ಇಳಿಯುತ್ತಿತ್ತು. ಬರಿಗಣ್ಣಿಗೆ ಜಿಗಿತದಂತೆ ಕಂಡದ್ದು ನಿಜವಾಗಿ ಒಂದು ಉದ್ದ ದಾಪುಗಾಲು. ಕೈಗಳು ಹಿಂದಕ್ಕೆ ಚೆನ್ನಾಗಿಯೇ ಹೋಗುತ್ತಿದ್ದವು, ಆ ಒಂದು ಟಿಕ್ ಅದರದ್ದೇ. ಆದರೆ ನೆಲ ಬಿಡುವ ಹೊತ್ತಿಗೆ ಮುಂದೆ ಬರುವ ಬದಲು ರೆಕ್ಕೆಯ ಹಾಗೆ ಪಕ್ಕಕ್ಕೆ ಅಗಲವಾಗಿ ತೆರೆದುಕೊಳ್ಳುತ್ತಿದ್ದವು. ಮುಗ್ಗರಿಸುವ ಭಯವಿರುವ ದೇಹ ಹಾಗೆ ಕೈಯನ್ನೇ ಬ್ರೇಕ್ ಮಾಡಿಕೊಳ್ಳುತ್ತದೆ.

ಕಾರಣ ಒಂದು ಕಾಲಿನ ಬಲ ಕಡಿಮೆ ಇರುವುದೋ, ಮುಂದಕ್ಕೆ ಹೋಗುವ ಅಂಜಿಕೆಯೋ? ಅದನ್ನು ತಿಳಿಯಲು ನಿಂತಲ್ಲೇ ಮೇಲಕ್ಕೆ ಜಿಗಿಯಲು ಹೇಳಿದೆವು. ಎರಡೂ ಪಾದ ಒಟ್ಟಿಗೆ ಎದ್ದವು, ಒಟ್ಟಿಗೆ ಇಳಿದವು. ಒಂಟಿಕಾಲಿನಲ್ಲಿ ಕುಪ್ಪಳಿಸುವುದೂ ಎಡ ಬಲ ಎರಡರಲ್ಲೂ ಹೆಚ್ಚುಕಡಿಮೆ ಒಂದೇ ಥರ ಇತ್ತು. ಹಾಗಾಗಿ ಕಾಲಿನ ದೋಷವೆಂದು ಅನುಮಾನಿಸಲು ಕಾರಣ ಉಳಿಯಲಿಲ್ಲ. ಅಳತೆಯ ಗೆರೆ ಅಳಿಸಿ, ಒಂದು ಅಡಿ ದೂರಕ್ಕಷ್ಟೇ ಜಿಗಿದು ಇಳಿದ ಜಾಗದಲ್ಲೇ ಅಲ್ಲಾಡದೆ ನಿಲ್ಲುವ ಆಟ ಆಡಿಸಿ ಅಂತ ಹೇಳಿದೆ. ದೂರದ ಆಸೆಯೇ ಅವನನ್ನು ದಾಪುಗಾಲಿಗೆ ತಳ್ಳುತ್ತಿತ್ತು. ಮೊದಲು ಸರಿಹೋದದ್ದು ಪಾದಗಳು, ಕೈಗಳು ಮುಂದೆ ಬಂದದ್ದು ಬಹಳ ಆಮೇಲೆ.

ಸಮತೋಲನದ ವಿಷಯಕ್ಕೆ ಬಂದರೆ, ಮೇಲೆ ಹೇಳಿದ ಪರೀಕ್ಷೆಯಲ್ಲಿ ಅದಕ್ಕೆ ಬೇರೆ ಭಾಗವೇ ಇಲ್ಲ. ಶಾಲೆಗಳು ಸಾಮಾನ್ಯವಾಗಿ ಒಂಟಿಕಾಲಿನಲ್ಲಿ ನಿಲ್ಲುವುದನ್ನು ಸೇರಿಸಿಕೊಳ್ಳುತ್ತವೆ. ಇಲ್ಲಿ ಗಡಿಯಾರ ಬೇಕಾಗುತ್ತದೆ. ಬರಿಗಾಲಿನಲ್ಲಿ, ಕಣ್ಣಿನ ಮಟ್ಟದ ಒಂದು ಗುರುತನ್ನು ನೋಡುತ್ತಾ ನಿಲ್ಲಿಸಿ. ಎತ್ತಿದ ಕಾಲು ನೆಲ ಮುಟ್ಟಿದರೆ, ಇನ್ನೊಂದು ಕಾಲಿಗೆ ಸುತ್ತಿಕೊಂಡರೆ, ಅಥವಾ ನಿಂತ ಪಾದ ಜಾಗ ಬಿಟ್ಟರೆ ಎಣಿಕೆ ನಿಲ್ಲಿಸಬೇಕು. ನಾಲ್ಕರ ಮಗು ಐದು ಸೆಕೆಂಡಿನ ಆಸುಪಾಸು, ಆರರ ಹೊತ್ತಿಗೆ ಹತ್ತು ಸೆಕೆಂಡಿನ ಆಸುಪಾಸು ನಿಂತರೆ ಸರಿಯೇ. ನಿಂತ ಕಾಲಿನ ಹರಡು ಅತ್ತಿತ್ತ ಸಣ್ಣಗೆ ಅಲುಗಿದರೆ ಅದನ್ನು ಕೊರತೆ ಅಂತ ಬರೆಯಬೇಡಿ, ಸಮತೋಲನ ಕೆಲಸ ಮಾಡುತ್ತಿರುವುದೇ ಹಾಗೆ. ಹರಡು ಬಿಗಿಯಾಗಿದ್ದು ಕೈ, ನಡು ಎಲ್ಲ ಜೋರಾಗಿ ತೂಗಾಡಿದರೆ ಅದನ್ನು ಬರೆದಿಡಿ. ಎರಡೂ ಕಾಲುಗಳನ್ನು ನೋಡಲೇಬೇಕು. ಬಲಗಾಲಿನಲ್ಲಿ ಎಂಟು ಸೆಕೆಂಡ್, ಎಡಗಾಲಿನಲ್ಲಿ ಎರಡೇ ಸೆಕೆಂಡ್, ಅದೂ ಬೇರೆ ಬೇರೆ ದಿನ ನೋಡಿದಾಗಲೂ ಹಾಗೇ ಇದ್ದರೆ, ಸರಾಸರಿ ಐದು ಅಂತ ಬರೆದು ಸುಮ್ಮನಾಗುವುದು ದೊಡ್ಡ ತಪ್ಪು.

ವೈದ್ಯರ ಬಳಿ ಹೋಗಬೇಕಾದದ್ದು ಇಂಥದಕ್ಕೆ, ಖಾಲಿ ಚೌಕಗಳಿಗಲ್ಲ. ಒಂದೇ ಬದಿ ಯಾವಾಗಲೂ ಹಿಂದುಳಿಯುವುದು, ಮುಂಚೆ ಮಾಡುತ್ತಿದ್ದದ್ದನ್ನು ಈಗ ಮಾಡಲಾಗದಿರುವುದು, ಸದಾ ತುದಿಗಾಲಿನಲ್ಲೇ ನಡೆಯುವುದು, ನೆಲದಿಂದ ಏಳುವಾಗ ತೊಡೆಯ ಮೇಲೆ ಕೈಯೂರಿ ಹತ್ತಿದಂತೆ ಮೇಲೇಳುವುದು ಕಂಡರೆ ಮುಂದಿನ ಚೆಕ್‌ಲಿಸ್ಟ್‌ಗೆ ಕಾಯಬೇಡಿ. ಬರೀ ಒರಟಾಗಿ ಚಲಿಸುತ್ತದೆ, ಎಡವುತ್ತದೆ ಅನ್ನುವ ಮಗುವಿಗೆ ಚಲನ ಹೊಂದಾಣಿಕೆಯ ದೋಷವೆಂಬ ಹೆಸರನ್ನು ಸಾಮಾನ್ಯವಾಗಿ ಐದು ವರ್ಷಕ್ಕೆ ಮುಂಚೆ ಕೊಡುವುದಿಲ್ಲ. ಯಾಕೆಂದರೆ ಆ ವಯಸ್ಸಿನಲ್ಲಿ ಮಕ್ಕಳು ಒಬ್ಬರಿಂದ ಒಬ್ಬರಿಗೆ ಅಷ್ಟು ಭಿನ್ನ.

ನಿಮ್ಮ ಮಗಳ ಹಾಳೆಯಲ್ಲಿ ಆ ಎರಡು ತಪ್ಪು ಗುರುತುಗಳ ಜಾಗಕ್ಕೆ ಕಂಡದ್ದನ್ನು ಮಾತಿನಲ್ಲಿ ಬರೆದುಕೊಡಲು ಟೀಚರ್‌ಗೆ ಕೇಳಿ. ‘ಮೊಣಕೈ ಮಡಿಸುತ್ತಾಳೆ, ಕೈ ಇನ್ನೂ ಎದೆಯ ಮುಂದೆ ಅಡ್ಡ ಹೋಗುತ್ತದೆ, ಹಿಮ್ಮಡಿ ಮೀನಖಂಡದ ಅರ್ಧದವರೆಗೆ ಏಳುತ್ತದೆ’ ಅಂತ ತಾರೀಕು ಹಾಕಿ ಇಟ್ಟುಕೊಂಡರೆ, ಮೂರು ತಿಂಗಳು ಬಿಟ್ಟು ಅದೇ ಜಾಗದಲ್ಲಿ, ಅದೇ ಥರದ ಪಾದರಕ್ಷೆ ಹಾಕಿಸಿ ಓಡಿಸಿದಾಗ ಏನು ಬದಲಾಯಿತು ಅಂತ ಇಬ್ಬರಿಗೂ ಕಾಣುತ್ತದೆ.